ಕಲ್ಲಿಗೆ ಹುಳಿ ಆಗದು

ಬಚ್ಚಲ ಜಾಲರಿಗೆ ಸುತ್ತಿಕೊಂಡ ತನ್ನ ತಲೆಗೂದಲನ್ನು ಇನ್ನೊಬ್ಬ ಹೆಂಗಸು ಬೆರಳಿಂದ ಎತ್ತಿ ತೆಗೆಯುತ್ತಾಳಲ್ಲ ಎಂಬುದು ಗುಬ್ಬಿಯ ಚಿಂತೆ. ಹೇಳಿಕೊಳ್ಳುವಂಥ ಚಿಂತೆಯೇನಲ್ಲ, ಹೇಳಿಕೊಂಡರೆ ನಗುವವರೇ ಹೆಚ್ಚು. ಅದಕ್ಕೇ ಅವಳು ಅದನ್ನು ಡೈರಿಗೆ ಹೇಳಿದಳು: "ಕೆಲಸಕ್ಕೆ ಹೊಸಬರು ಬರುತ್ತಾರಂತೆ. ಮಹಡಿಯ ಬಚ್ಚಲನ್ನು ನೋಡುತ್ತಾರೆ. ಕಮೋಡಿನೊಳಗೆ ನೀರು ನಿಲ್ಲುವ ಗೆರೆಯಲ್ಲಿ ಕಂದು ಬಣ್ಣದ ಬಳೆಯೊಂದು ಕೂತುಬಿಟ್ಟಿದೆ. ನಾನು ಎಂಥವಳು ಅನ್ನುವುದು ಅವರಿಗೆ ನನ್ನ ಮುಖಕ್ಕಿಂತ ಮೊದಲು ಆ ಬಳೆಯಿಂದ ಗೊತ್ತಾಗುತ್ತದೆ."

ಬರೆದು, ಯಾರಾದರೂ ಓದಿಯಾರು ಎಂದು ಹೆದರಿ, ಡೈರಿಯನ್ನು ಬಟ್ಟೆಗಳ ಅಡಿಗೆ ತಳ್ಳಿದಳು. ಓದುವವರು ಯಾರಿದ್ದರು? ಪರೀಕ್ಷೆಯ ಮೇಷ್ಟ್ರುಗಳನ್ನು ಬಿಟ್ಟರೆ ಅವಳು ಬರೆದದ್ದನ್ನು ಈ ಭೂಮಿಯ ಮೇಲೆ ಇನ್ನೂ ಯಾರೂ ಓದಿರಲಿಲ್ಲ. ಮಾತು ಮೊದಲೇ ಕಡಿಮೆ. "ಹುಡುಗಿಗೆ ಡಿಗ್ರಿ ಆಯ್ತು, ಬಾಯಿಗೆ ಮಾತ್ರ ಇನ್ನೂ ಅಡ್ಮಿಶನ್ ಸಿಕ್ಕಿಲ್ಲ" ಎಂದು ದೊಡ್ಡಮ್ಮ ಬಂದವರೆದುರಿಗೆಲ್ಲ ಹೇಳುತ್ತಿದ್ದಳು. ಗುಬ್ಬಿ ಎಂದು ಹೆಸರಿಟ್ಟವಳೂ ಅವಳೇ. ಸದ್ದಿಲ್ಲದೆ ಬಂದು, ಕಾಳು ಹೆಕ್ಕಿಕೊಂಡು, ಯಾರಾದರೂ ತಿರುಗಿ ನೋಡಿದರೆ ಹಾರಿಹೋಗುವುದು ಎಂದು.

ದೊಡ್ಡಮ್ಮನದು ಬೇರೆಯೇ ಗಾತ್ರ, ಬೇರೆಯೇ ಗಂಟಲು. ಊರಿನ ದೊಡ್ಡ ಹೋಟೆಲೊಂದರಲ್ಲಿ ಕೋಣೆಗಳ ಶುಚಿಯ ಮೇಲ್ವಿಚಾರಕಿಯಾಗಿ ತಲೆ ಹಣ್ಣಾಗುವವರೆಗೆ ದುಡಿದವಳು. ಬಾಗಿಲು ತೆರೆದು ಮೂಗು ಒಳಗಿಟ್ಟರೆ ಸಾಕು, ಆ ಕೋಣೆಯನ್ನು ಯಾರು ಒರೆಸಿದ್ದಾರೆ, ಎಷ್ಟು ಅವಸರದಲ್ಲಿ ಒರೆಸಿದ್ದಾರೆ ಎಂದು ಹೇಳುತ್ತಿದ್ದಳಂತೆ. ನಿವೃತ್ತಳಾದ ಮೇಲೂ ತನ್ನ ಮನೆಯ ನೆಲವನ್ನು ಮತ್ತೊಬ್ಬರ ಕೈಗೆ ಕೊಟ್ಟವಳಲ್ಲ. ಈಗ ಸೊಂಟದ ಕೀಲಿಗೆ ಆಪರೇಶನ್ ಆಗಿ, ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯುವಂತಾಗಿತ್ತು. ಮೆಟ್ಟಿಲು ಹತ್ತುವಂತಿಲ್ಲ, ಬಗ್ಗುವಂತಿಲ್ಲ. ಬಗ್ಗದೆ ಯಾವ ನೆಲ ತಾನೇ ಮಾತು ಕೇಳುತ್ತದೆ?

"ನಾನು ಹೇಳ್ತೀನಿ, ನೀನು ಬರಿ," ಎಂದಳು ಗುಬ್ಬಿಗೆ. "ಬರೋಳಿಗೆ ಓದೋಕೆ ಬರುತ್ತಂತೆ. ನಾನು ದಿನಾ ಅವಳ ಹಿಂದೆ ಕೂಗ್ಕೊಂಡು ಓಡಾಡೋಕಾಗಲ್ಲ. ಯಾವುದಕ್ಕೆ ಯಾವುದು, ಯಾವುದರ ಜೊತೆ ಯಾವುದು ಕೂಡದು, ಎಲ್ಲ ಬಿಡಿಸಿ ಬರಿ. ನಿನ್ನ ಅಕ್ಷರ ಮುತ್ತಿನ ಹಾಗಿದೆ, ಯಾವುದಕ್ಕಾದರೂ ಉಪಯೋಗಕ್ಕೆ ಬರಲಿ."

ಗುಬ್ಬಿ ಗೆರೆ ಎಳೆದ ಹಾಳೆ ತೊಡೆಯ ಮೇಲಿಟ್ಟುಕೊಂಡಳು. ಎಲ್ಲವನ್ನೂ ಒಂದೇ ಸೋಪಿನ ಪುಡಿಯಲ್ಲಿ ತೊಳೆಯಬಹುದು ಎಂದು ಆವರೆಗೆ ತಿಳಿದಿದ್ದವಳು ಅವಳು. ದೊಡ್ಡಮ್ಮ ಕುರ್ಚಿಯಿಂದಲೇ ವಾಕರ್‌ನ ಕಾಲಿನಲ್ಲಿ ಹಜಾರದ ಬಿಳಿ ಮಾರ್ಬಲ್ ನೆಲವನ್ನು ಮೆಲ್ಲಗೆ ತಟ್ಟಿದಳು.

"ಇದು ನೋಡು. ಹೊರಗೆ ಬಂಡೆ, ಒಳಗೆ ಮಹಾ ಸೂಕ್ಷ್ಮ. ಹೊಸ ಬೀಗರ ಹಾಗೆ. ಒಂದು ಹನಿ ನಿಂಬೆಹುಳಿ ಬಿದ್ದರೆ ಸಾಕು, ಮುಖ ಕಪ್ಪಿಟ್ಟುಬಿಡುತ್ತೆ. ಆಮೇಲೆ ಎಷ್ಟು ಒರೆಸಿದ್ರೂ ಸಮಾಧಾನ ಆಗಲ್ಲ. ಕಲೆ ಅಂಟಿದ್ದಲ್ಲ ಅದು, ಕಲ್ಲೇ ಕರಗಿರುತ್ತೆ. ಬರಿ: ಮಾರ್ಬಲ್ಲಿಗೆ ಹುಳಿ ಆಗದು. ನಿಂಬೆ, ವಿನೆಗರ್, ಆಸಿಡ್ ಒಂದೂ ಕೂಡದು. ಸಾದಾ ಸೋಪು, ತೆಳ್ಳಗೆ ನೀರಲ್ಲಿ, ಅಷ್ಟೆ."

"ಕಲ್ಲು ಕರಗುತ್ತಾ?" ಎಂದಳು ಗುಬ್ಬಿ.

"ಕರಗದೆ? ಹುಳಿ ಬಿದ್ದ ಕಡೆ ಕಿವಿ ಇಟ್ಟು ಕೇಳು, ಸುಯ್ ಅನ್ನುತ್ತೆ."

ಗುಬ್ಬಿ ಬರೆಯುತ್ತ ಹೋದಳು. ಕಲ್ಲು ಸುಯ್ಯೆನ್ನುವ ಲೋಕವೊಂದರ ಮೇಲೆ ಇಷ್ಟು ವರ್ಷ ಚಪ್ಪಲಿ ಹಾಕಿಕೊಂಡು ನಡೆದಿದ್ದೆನಲ್ಲ ಎನ್ನಿಸಿ, ಸದ್ದಾಗದಂತೆ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು.

ಮನೆ ಒಂದೊಂದಾಗಿ ಬಾಯಿ ಬಿಡತೊಡಗಿತು. ಮರದ ಮೇಜಿಗೆ ನೀರು ಕುಡಿಸಬಾರದು, ತೋರಿಸಬೇಕು ಅಷ್ಟೆ. ಹಿಂಡಿದ ಬಟ್ಟೆ, ಅದರ ಬೆನ್ನಿಗೇ ಒಣ ಬಟ್ಟೆ. ಸ್ಟೀಲಿನ ಸಿಂಕು ಹೊಸ ಅಳಿಯನ ಹಾಗೆ ಹೊಳೆಯುತ್ತದೆ, ಬ್ಲೀಚು ಹಚ್ಚಿ ಮರೆತರೆ ಮೈತುಂಬ ಚುಕ್ಕೆ. ಅಲ್ಯೂಮಿನಿಯಂ ಪಾತ್ರೆಗೆ ವಾಷಿಂಗ್ ಸೋಡಾ ತಾಗಿದರೆ ಬಣ್ಣಗೆಡುತ್ತದೆ. ಕಿಟಕಿ ಗಾಜಿಗೆ ನೀಲಿ ದ್ರವ, ಆದರೆ ಬಿಸಿಲು ಬಿದ್ದಿರುವಾಗ ಬೇಡ, ಒರೆಸುವ ಮೊದಲೇ ಒಣಗಿ ಗೆರೆ ಬೀಳುತ್ತದೆ. ಕೈತೊಳೆಯುವ ಕಟ್ಟೆಯ ಮೇಲಿನ ಕನ್ನಡಿಗೆ ವಿನೆಗರ್ ಬೆರೆಸಿದ ನೀರು ಒಳ್ಳೆಯದು, ಆದರೆ ಕನ್ನಡಿಗೆ ಚಿಮುಕಿಸಬಾರದು, ಬಟ್ಟೆಗೆ ಚಿಮುಕಿಸಿ ಒರೆಸಬೇಕು.

"ಯಾಕೆ ಹೇಳು?"

ಗುಬ್ಬಿ ಯೋಚಿಸಿದಳು. "ಕೆಳಗಿನ ಕಟ್ಟೆ ಮಾರ್ಬಲ್ಲು."

ದೊಡ್ಡಮ್ಮ ಅವಳನ್ನು ಒಂದು ಕ್ಷಣ ನೋಡಿದಳು. "ಪರವಾಗಿಲ್ಲ. ಹೋಟೆಲಲ್ಲಿ ಇದ್ದಿದ್ರೆ ನಿನಗೆ ಒಂದು ಮಹಡಿ ಕೊಡ್ತಿದ್ದೆ."

ಕೊನೆಗೆ ಮೆಟ್ಟಿಲ ಕೆಳಗಿನ ಪುಟ್ಟ ಬೀರುವಿನ ಸರದಿ. ಅದರೊಳಗೆ ಬಾಟಲಿಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಮೇಲಿನ ಹಲಗೆಯಲ್ಲಿ ಬ್ಲೀಚು. ಕೆಳಗಿನ ಹಲಗೆಯ ಆಚೆ ಮೂಲೆಯಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬದೊಳಗೆ ಒಂಟಿಯಾಗಿ, ಆಸಿಡ್. ನೋಡುವುದಕ್ಕೆ ನೀರು, ಬಣ್ಣವಿಲ್ಲ.

"ಇದನ್ನ ದೊಡ್ಡದಾಗಿ ಬರಿ. ಅಡಿಗೆರೆ ಹಾಕು," ಎಂದಳು ದೊಡ್ಡಮ್ಮ. ಗಂಟಲು ತಗ್ಗಿತ್ತು. "ಬ್ಲೀಚಿಗೆ ನೀರು ಬಿಟ್ಟು ಬೇರೆ ಏನೂ ಸೇರಿಸಬಾರದು. ನೀಲಿ ದ್ರವ ಬೇಡ, ಅದರಲ್ಲಿ ಅಮೋನಿಯಾ ಇರುತ್ತೆ. ವಿನೆಗರ್ ಬೇಡ. ಆಸಿಡ್ ಅಂತೂ ಹತ್ತಿರಕ್ಕೂ ಬೇಡ. ಬಕೆಟ್ಟಿನಲ್ಲಿ ಕಲಸೋದೊಂದೇ ಅಲ್ಲ. ಒಂದು ಬಿದ್ದಿರೋ ಜಾಗಕ್ಕೆ ಇನ್ನೊಂದು ಬಿದ್ರೂ ಅದೇ ಕಥೆ. ಬ್ಲೀಚೂ ಒಳ್ಳೇದೇ, ಆಸಿಡ್ಡೂ ಒಳ್ಳೇದೇ. ಬೇರೆ ಬೇರೆ ಇಟ್ಟರೆ ಇಬ್ಬರೂ ದುಡಿಯೋರು. ಒಟ್ಟಿಗೆ ಬಿಟ್ಟರೆ ಇಬ್ಬರ ಮಧ್ಯೆ ಮೂರನೆಯದೊಂದು ಹುಟ್ಟುತ್ತೆ. ಗಾಳಿ. ಅದಕ್ಕೆ ಕೈಕಾಲಿಲ್ಲ, ಆದರೆ ಮನುಷ್ಯರ ಎದೆಗೂಡು ಎಲ್ಲಿದೆ ಅಂತ ಗೊತ್ತು."

"ನೀನು ನೋಡಿದ್ದೀಯಾ?"

"ಒಂದು ಸಲ. ಒಂದು ಬಚ್ಚಲಲ್ಲಿ ಹುಟ್ಟಿದ್ದು, ಇಡೀ ಸಾಲಿನ ಕೋಣೆಗಳನ್ನ ಖಾಲಿ ಮಾಡಿಸ್ತು. ಸಾಕು, ಅದರ ಮಾತು ಬೇಡ. ಬರಿ: ಆಸಿಡ್ ಬಾಟಲಿಯನ್ನು ದೊಡ್ಡಮ್ಮನ ಹೊರತು ಯಾರೂ ಮುಟ್ಟಬಾರದು."

ಗುಬ್ಬಿ ಬರೆದಳು. ಎರಡು ಪ್ರತಿ ಮಾಡಿ ಒಂದನ್ನು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದಳು. ಡೈರಿಯಲ್ಲಿ ಮಾತ್ರ ಬೇರೆಯದೇ ಬರೆದಳು: "ಎರಡು ಒಳ್ಳೆಯವು ಸೇರಿ ಕೆಟ್ಟದ್ದೊಂದು ಹುಟ್ಟುತ್ತದೆ ಎಂದು ನನಗೆ ಯಾವ ಪುಸ್ತಕವೂ ಇಷ್ಟು ಹತ್ತಿರದಿಂದ ಹೇಳಿರಲಿಲ್ಲ."

ಹೊಸಬಳು ಬಂದಳು. ನಲವತ್ತರ ಆಸುಪಾಸಿನ, ಉದ್ದ ಕೈಗಳ, ಮಾತಿಗೆ ಮೊದಲು ನಗುವ ಹೆಂಗಸು. ಗುಬ್ಬಿ ಅವಳನ್ನು "ಅಕ್ಕ" ಎಂದಳು. ಅವಳೂ ಗುಬ್ಬಿಯನ್ನು "ಅಕ್ಕ" ಎಂದಳು.

"ಇಬ್ಬರೂ ಅಕ್ಕಂದಿರಾದ್ರೆ ತಂಗಿ ಯಾರು? ನಾನಾ?" ಎಂದಳು ದೊಡ್ಡಮ್ಮ.

ಕಾಗದವನ್ನು ಕೈಗೆ ಕೊಟ್ಟಾಗ ಹೊಸ ಅಕ್ಕ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು ಗುಬ್ಬಿ. ಹಾಗಾಗಲಿಲ್ಲ. ಆಕೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಬೆರಳಿಟ್ಟುಕೊಂಡು, ತುಟಿ ಅಲುಗಿಸುತ್ತ ಮೊದಲಿಂದ ಕಡೆಯವರೆಗೆ ಓದಿದಳು. ಕೊನೆಗೆ ತಲೆಯೆತ್ತಿ ಕೇಳಿದಳು.

"ಅಮ್ಮ, ಒಂದು ಬಿದ್ದಿರೋ ಜಾಗಕ್ಕೆ ಇನ್ನೊಂದು ಬೀಳಬಾರದು ಅಂತ ಬರೆದಿದೆ. ಮೊದಲೇ ಏನು ಬಿದ್ದಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ನಿನ್ನ ಹೊರತು ಈ ಮನೇಲಿ ಇನ್ಯಾರು ಹಾಕ್ತಾರಮ್ಮ? ನಾನು ಬಗ್ಗೋ ಹಾಗಿಲ್ಲ. ಇವಳು ಪುಸ್ತಕ ಬಿಟ್ಟು ಬೇರೇನೂ ತೊಳೆಯೋಳಲ್ಲ."

ಅಕ್ಕ ನಕ್ಕಳು. ಗುಬ್ಬಿಯೂ ನಕ್ಕಳು. ಆ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದೇ ಮೂವರೂ ಅಂದುಕೊಂಡರು.

ಮರುದಿನದಿಂದ ಗುಬ್ಬಿ ಪುಸ್ತಕ ಹಿಡಿದು ಕೂತರೂ ಕಣ್ಣು ಪುಟದ ಮೇಲೆ ನಿಲ್ಲುತ್ತಿರಲಿಲ್ಲ. ಹೊಸ ಅಕ್ಕ ಕಾಗದವನ್ನು ಪಾರದರ್ಶಕ ಕವರಿನೊಳಗೆ ಹಾಕಿ, ದಾರ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಮೇಜಿನ ಬಳಿ ಬಂದರೆ ಕಾಗದ ನೋಡುತ್ತಾಳೆ. ಬಟ್ಟೆ ಹಿಂಡುತ್ತಾಳೆ, ಇನ್ನೊಮ್ಮೆ ಹಿಂಡುತ್ತಾಳೆ, ಒರೆಸುತ್ತಾಳೆ, ಭುಜದ ಮೇಲಿನ ಒಣಬಟ್ಟೆ ತೆಗೆದು ಬೆನ್ನಿಗೇ ಒರೆಸುತ್ತಾಳೆ. ಕನ್ನಡಿಗೆ ಬಂದರೆ ಮತ್ತೆ ಕಾಗದ. ಕೈ ತಡೆಯುತ್ತದೆ, ಬಾಟಲಿಯ ಮೂತಿ ಕನ್ನಡಿಯಿಂದ ಬಟ್ಟೆಗೆ ತಿರುಗುತ್ತದೆ. ಕಿಟಕಿಯ ಮೇಲೆ ಬಿಸಿಲಿದ್ದರೆ ಆ ಕಿಟಕಿಯನ್ನು ಬಿಟ್ಟು, ನೆರಳಾದ ಮೇಲೆ ಮರೆಯದೆ ವಾಪಸು ಬರುತ್ತಾಳೆ.

ಗುಬ್ಬಿ ಪುಸ್ತಕದ ಅಂಚಿನಿಂದ ನೋಡಿದಳು. ತಾನು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದ ವಾಕ್ಯವೊಂದು ಎದ್ದು, ಎರಡು ಕೈ ಪಡೆದು, ಮನೆಯೊಳಗೆ ಓಡಾಡುತ್ತಿತ್ತು. ಅಲ್ಪವಿರಾಮ ಹಾಕಿದ ಕಡೆ ಆ ಕೈ ನಿಲ್ಲುತ್ತಿತ್ತು. ಪೂರ್ಣವಿರಾಮದ ಕಡೆ ಬಟ್ಟೆ ಜಾಡಿಸುತ್ತಿತ್ತು. ಆಕೆ ಹೋದ ಮೇಲೆ ಗುಬ್ಬಿ ಬರಿಗಾಲಿನಲ್ಲಿ ಹಜಾರಕ್ಕೆ ಬಂದಳು. ಕಿಟಕಿಯ ಬೆಳಕು ನೆಲದೊಳಗೆ ಒಂದು ಗೇಣು ಇಳಿದು ನಿಂತಂತಿತ್ತು. ಇದನ್ನು ನಾನು ಬರೆದೆನಾ ಎಂದು ಅವಳಿಗೆ ರೋಮಾಂಚನವಾಯಿತು. ಒಬ್ಬರು ತನ್ನನ್ನು ಓದಿದ್ದರು. ಓದಿ, ನಂಬಿ, ಹಾಗೆಯೇ ಮಾಡಿದ್ದರು.

ಅದರಿಂದ ಚಿಂತೆ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಇಷ್ಟು ಚೊಕ್ಕವಾಗಿ ಓದುವವರ ಮುಂದೆ ಆ ಕಂದು ಬಳೆಯನ್ನು ಹೇಗೆ ಇಡುವುದು?

ಮಹಡಿಯ ಬಚ್ಚಲು ಬುಧವಾರದ ಪಾಲಿಗೆ ಬಂದಿತ್ತು. ಕೆಳಗಿನ ಕೆಲಸ ಮುಗಿದ ಮೇಲೆ ಮೇಲಿನದು, ಕಮೋಡಿಗೆ ನೀರು ಬೆರೆಸಿದ ಬ್ಲೀಚು ಎಂದು ಕಾಗದದಲ್ಲಿ ಬರೆದವಳು ಗುಬ್ಬಿಯೇ. ಅಷ್ಟರೊಳಗೆ ಬಳೆ ಹೋಗಬೇಕು. ಬಾಗಿಲು ಹಾಕಿಕೊಂಡು ಸೋಪು, ಬ್ರಷ್ಷು ಹಿಡಿದು ಉಜ್ಜಿದಳು. ಜಾಲರಿಯ ಕೂದಲೆಲ್ಲ ತೆಗೆದಳು. ಬಳೆ ಜಗ್ಗಲಿಲ್ಲ. ಗಡಸು ನೀರಿನ ಸುಣ್ಣ ಪದರ ಪದರವಾಗಿ ಕೂತು ಕಲ್ಲಾಗಿತ್ತು. ದೊಡ್ಡಮ್ಮನ ಮಾತು ನೆನಪಾಯಿತು: ಕಲ್ಲಿಗೆ ಹುಳಿ ಆಗದು. ಹಾಗಾದರೆ ಈ ಕಲ್ಲಿಗೂ ಆಗದು.

ಬುಧವಾರ ಬೆಳಿಗ್ಗೆ ದೊಡ್ಡಮ್ಮ ಸ್ನಾನಕ್ಕೆ ಹೋದಾಗ ಗುಬ್ಬಿ ಬೀರುವಿನ ಮುಂದೆ ಕೂತು ಕೆಳಗಿನ ಹಲಗೆಗೆ ಕೈ ಹಾಕಿದಳು. ಬಾಗಿಲ ಒಳಮೈಯಲ್ಲಿ ಅವಳದೇ ಅಕ್ಷರ, ಅವಳದೇ ಅಡಿಗೆರೆ. ಯಾರೂ ಮುಟ್ಟಬಾರದು. ಬರೆದವಳಿಗೂ ಅದು ಅನ್ವಯಿಸುತ್ತದೆ ಎಂದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ನಿಯಮ ಬರೆಯುವವರಿಗೆ ಬರುವ ಕುರುಡು ಅದು.

ಮೇಲೆ ಹೋಗಿ, ಫ್ಯಾನು ಹಾಕಿ, ಮುಖ ಆಚೆ ತಿರುಗಿಸಿ ಕಮೋಡಿನ ಸುತ್ತ ಸುರಿದಳು. ಸುಯ್ ಎಂದಿತು. ನಿಜವಾಗಿಯೂ ಎಂದಿತು. ಕಂದು ಬಳೆಯ ಮೇಲೆಲ್ಲ ನೊರೆಯ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಕಲ್ಲು ಕರಗುತ್ತಿತ್ತು. ತಿಂಗಳುಗಟ್ಟಲೆ ಕೂತಿದ್ದ ಹಟ ಅವಳ ಕಣ್ಣೆದುರಿಗೇ ಸಡಿಲವಾಗುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟು, ನೀರು ಬಿಟ್ಟು ತೊಳೆದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕೆಳಗೆ ದೊಡ್ಡಮ್ಮ ಬಚ್ಚಲಿನಿಂದ ಹೊರಬರುವ ಸದ್ದು ಕೇಳಿತು. ಗುಬ್ಬಿ ಬಾಟಲಿಯನ್ನು ಸೆರಗಿನ ಮರೆಯಲ್ಲಿ ತಂದು, ಮುಚ್ಚಳ ಅರ್ಧ ತಿರುಗಿಸಿ, ಡಬ್ಬದೊಳಗೆ ಇಟ್ಟಳು.

ಅಷ್ಟರಲ್ಲಿ ಕರೆಗಂಟೆ. ದೊಡ್ಡಮ್ಮನ ಕಾಲಿಗೆ ವ್ಯಾಯಾಮ ಮಾಡಿಸುವ ನರ್ಸು ಎಂದಿಗಿಂತ ಮೊದಲೇ ಬಂದಿದ್ದರು. "ಮಧ್ಯಾಹ್ನ ಬೇರೆ ಕಡೆ ಹೋಗ್ಬೇಕು, ಈಗಲೇ ಮುಗಿಸಿಬಿಡೋಣ ಅಂತ ಬಂದೆ."

"ಗುಬ್ಬಿ, ಕಾಫಿ ಇಡು," ಎಂದಳು ದೊಡ್ಡಮ್ಮ.

ಗುಬ್ಬಿ ಹಾಲು ಒಲೆಯ ಮೇಲಿಟ್ಟಳು. ಉಕ್ಕುವ ಮೊದಲು ಹಾಲನ್ನು ಬಿಟ್ಟು ಹೋಗುವಂತಿಲ್ಲ. ಪಾತ್ರೆ ತೊಳೆಯಲು ನಲ್ಲಿ ಬಿಟ್ಟಳು. ಹೊಸ ಅಕ್ಕ ಬಂದದ್ದು ಆ ನಲ್ಲಿಯ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಕೋಣೆಯ ನೆಲವೆಲ್ಲ ವ್ಯಾಯಾಮದ ಚಾಪೆಯಾದದ್ದರಿಂದ "ಇವತ್ತು ಕೆಳಗೆ ಜಾಗ ಇಲ್ಲಮ್ಮ, ಮೇಲಿಂದ ಶುರು ಮಾಡು" ಎಂದು ದೊಡ್ಡಮ್ಮ ಹೇಳಿದ್ದೂ ಕೇಳಲಿಲ್ಲ.

ಕೇಳಿದ್ದು ಕೆಮ್ಮು. ಮೇಲಿನಿಂದ. ಗಂಟಲಿನಿಂದ ಬರುವ ಕೆಮ್ಮಲ್ಲ, ಪಕ್ಕೆಲುಬಿನ ಅಡಿಯಿಂದ ಕಿತ್ತುಕೊಂಡು ಬರುವಂಥದ್ದು.

ಗುಬ್ಬಿಗೆ ಎಲ್ಲವೂ ಒಟ್ಟಿಗೆ ಗೊತ್ತಾಯಿತು. ಒಲೆ ಆರಿಸಿದಳೋ ಇಲ್ಲವೋ, ಮೆಟ್ಟಿಲನ್ನು ಹತ್ತಿದಳೋ ಹಾರಿದಳೋ. ಬಚ್ಚಲ ಬಾಗಿಲು ತೆರೆದೇ ಇತ್ತು. ಅಕ್ಕ ಕಮೋಡಿನ ಪಕ್ಕದಲ್ಲಿ ಮಂಡಿಯೂರಿ, ಒಂದು ಕೈಯಲ್ಲಿ ಗೋಡೆ ಹಿಡಿದು ಏಳಲು ನೋಡುತ್ತಿದ್ದಳು. ಗುಬ್ಬಿ ಹೊಸ್ತಿಲಾಚೆಯೇ ಉಸಿರು ಕಟ್ಟಿ, ಒಳಗೆ ಬಾಗಿ, ಆ ಉದ್ದ ಕೈಯನ್ನು ಹಿಡಿದು ಎಳೆದಳು. ಎಳೆಯುವಾಗ ಅವಳ ಕಣ್ಣಿಗೆ ಅದು ಬಿತ್ತು. ಬಿಳಿ ಪಿಂಗಾಣಿಯ ಅಂಚಿನ ಮೇಲೆ ಒಂದು ತೆಳು ಬಣ್ಣ, ಹಳದಿಯೂ ಅಲ್ಲ, ಹಸಿರೂ ಅಲ್ಲ. ಹೊಗೆಯಂತೆ ಮೇಲೇಳುತ್ತಿರಲಿಲ್ಲ. ಗಾಳಿಗಿಂತ ಭಾರವಾಗಿ ಅಂಚಿನಿಂದ ಕೆಳಕ್ಕೆ ಇಳಿಯುತ್ತಿತ್ತು, ಬಗ್ಗಿ ಕೆಲಸ ಮಾಡುವವರ ಮುಖವನ್ನು ಹುಡುಕುತ್ತಿರುವಂತೆ. ದೊಡ್ಡಮ್ಮ ಹೇಳಿದ ಮೂರನೆಯದು ಇದು. ನೀರಿನಂಥ ಎರಡರ ನಡುವೆ, ಯಾರೂ ಕರೆಯದೆ, ತನ್ನ ಬಚ್ಚಲಿನಲ್ಲಿ ಹುಟ್ಟಿದ್ದು. ಅದರ ಎದುರು ತನ್ನ ನಾಚಿಕೆ, ತನ್ನ ಕೂದಲು, ತನ್ನ ಕಂದು ಬಳೆ ಎಲ್ಲ ಎಷ್ಟು ಸಣ್ಣವು ಎಂದು ಒಂದು ಅರೆಗಳಿಗೆ ಅವಳಿಗೆ ಕಂಡುಬಿಟ್ಟಿತು.

ಬಾಗಿಲು ಎಳೆದು ಮುಚ್ಚಿ, ಬಚ್ಚಲ ಹೊರಗಿನ ಕಿಟಕಿ ತಳ್ಳಿ ತೆರೆದು, ಅಕ್ಕನನ್ನು ತೋಳಿನಲ್ಲಿ ಹಿಡಿದು ಕೆಳಗಿಳಿಸಿದಳು. ನರ್ಸು ಆಗಲೇ ಮೆಟ್ಟಿಲ ಬುಡಕ್ಕೆ ಬಂದಿದ್ದರು. ಮೂಗು ಅರಳಿಸಿ ವಾಸನೆ ನೋಡಿ, "ಹೊರಗೆ. ಅಂಗಳಕ್ಕೆ. ಯಾರೂ ಮೇಲೆ ಹೋಗಬೇಡಿ, ಫ್ಯಾನು ಓಡ್ತಿದ್ರೆ ಓಡ್ಲಿ," ಎಂದರು.

ಅಂಗಳದ ಕಲ್ಲುಬೆಂಚಿನ ಮೇಲೆ ಅಕ್ಕನನ್ನು ನೆಟ್ಟಗೆ ಕೂರಿಸಿದರು. ನರ್ಸು ತಣ್ಣೀರು ಬಿಟ್ಟು ಬಿಟ್ಟು ಕಣ್ಣು ತೊಳೆಸಿದರು. ಚೀಲದಿಂದ ಸ್ಟೆತಸ್ಕೋಪು ತೆಗೆದು ಬೆನ್ನಿನ ಮೇಲಿಟ್ಟು ಕೇಳಿದರು. ಕೆಮ್ಮು ಬಿಟ್ಟು ಬಿಟ್ಟು ಬಂದು, ಮೆಲ್ಲಗೆ ಎರಡು ಕೆಮ್ಮಿನ ನಡುವೆ ಒಂದು ಪೂರ್ತಿ ಉಸಿರಿಗೆ ಜಾಗವಾಯಿತು. ಅಕ್ಕನ ಕಣ್ಣು ಕೆಂಡದ ಹಾಗಿತ್ತು.

"ಬೇಗ ಎಳ್ಕೊಂಡು ಬಂದಿದ್ದು ಒಳ್ಳೇದಾಯ್ತು," ಎಂದರು ನರ್ಸು, ಗುಬ್ಬಿಯ ಕಡೆ ನೋಡಿ. "ಆದರೂ ಇದನ್ನ ನಂಬೋ ಹಾಗಿಲ್ಲ. ಈಗ ಸರಿ ಇದ್ದು ಆಮೇಲೆ ಎದೆ ಬಿಗಿಯೋದು ಉಂಟು. ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಡಾಕ್ಟರು ಮೊದಲು ಕೇಳೋದು ಒಂದೇ, ಯಾವುದಕ್ಕೆ ಯಾವುದು ಸೇರಿತು ಅಂತ. ಏನಮ್ಮ ಹಾಕಿದೆ?"

"ಬ್ಲೀಚು," ಎಂದಳು ಅಕ್ಕ. ದನಿ ಉಜ್ಜಿದ ಹಾಗಿತ್ತು. "ನೀರಿನ ಜೊತೆ. ಕಾಗದದಲ್ಲಿ ಇರೋ ಹಾಗೆ."

"ಬರೀ ಬ್ಲೀಚಿಗೆ ಹೀಗಾಗಲ್ಲ."

ವಾಕರ್‌ನ ಟಕ್ ಟಕ್ ಕೇಳಿತು. ದೊಡ್ಡಮ್ಮ ಬಾಗಿಲಿಗೆ ಬಂದಿದ್ದಳು. ಬರುವ ದಾರಿಯಲ್ಲಿ ಮೆಟ್ಟಿಲ ಕೆಳಗಿನ ಬೀರು ತೆರೆದು, ಬಗ್ಗದೆ ನಿಂತಲ್ಲಿಂದಲೇ ನೋಡಿಕೊಂಡು ಬಂದಿದ್ದಳು. ಎಷ್ಟಾದರೂ ಮೇಲ್ವಿಚಾರಕಿ. "ಆಸಿಡ್ ಬಾಟಲಿಯ ಮುಚ್ಚಳ ಸಡಿಲ ಇದೆ," ಎಂದಳು. "ಕುತ್ತಿಗೆ ಒದ್ದೆ ಇದೆ. ನಾನು ಮುಟ್ಟಬೇಡ ಅಂದಿದ್ದು ಅದೊಂದನ್ನೇ."

"ನಾನು ಮುಟ್ಟಿಲ್ಲ ಅಮ್ಮ."

"ಬಾಟಲಿ ತಾನಾಗೇ ನಡ್ಕೊಂಡು ಹೋಯ್ತಾ?"

ಅಕ್ಕ ಸೊಂಟದ ದಾರ ಬಿಚ್ಚಿ ಕವರು ತೆಗೆದಳು. ಅದರ ಮೇಲೆ ನೀರಿನ ಹನಿಗಳಿದ್ದವು, ಒಳಗಿನ ಕಾಗದ ಒಣಗಿಯೇ ಇತ್ತು. ಬೆರಳಿಟ್ಟಳು. ಕಣ್ಣು ಉರಿಯುತ್ತಿದ್ದುದರಿಂದ ಅಕ್ಷರ ಕಾಣದೆ, ಬೆರಳನ್ನು ಅಂದಾಜಿನ ಮೇಲೆ ಆ ಅಡಿಗೆರೆಗೆ ತಂದಳು. "ಇಲ್ಲಿದೆಯಲ್ಲ, ಮುಟ್ಟಬಾರದು ಅಂತ. ದಿನಾ ಓದ್ತೀನಿ. ಬೀರು ತೆಗೆಯೋವಾಗೆಲ್ಲ ಓದ್ತೀನಿ."

ಗುಬ್ಬಿ ಬೆಂಚಿನ ಹಿಂದೆ ನಿಂತಿದ್ದಳು. ಗಂಟಲಲ್ಲಿ ಮಾತು ಸಾಲುಗಟ್ಟಿ ನಿಂತಿತ್ತು. ಮೊದಲಿನದು ಅಲ್ಲಾಡದೆ ಹಿಂದಿನದು ಬರುವಂತಿರಲಿಲ್ಲ. ಡೈರಿಯಾಗಿದ್ದರೆ ಇಷ್ಟೊತ್ತಿಗೆ ಬರೆದು ಮುಗಿಸುತ್ತಿದ್ದಳು. ಅಲ್ಲಿ ಯಾರ ಕಣ್ಣೂ ಇರುವುದಿಲ್ಲ. ಇಲ್ಲಿ ಮೂವರದು ಆರು ಕಣ್ಣು, ಅದರಲ್ಲಿ ಎರಡು ಕೆಂಡ.

ದೊಡ್ಡಮ್ಮನ ಮುಖ ಗಟ್ಟಿಯಾಗಿತ್ತು. ಕೋಪಕ್ಕಿಂತ ಹೆಚ್ಚಾಗಿ ಅದರಲ್ಲಿ ಹೆದರಿಕೆಯಿತ್ತು. "ನೋಡಮ್ಮ, ಬೈಯೋಕೆ ಹೇಳ್ತಿಲ್ಲ. ಖಾಲಿಯಾದ ಆ ಕೋಣೆಗಳ ಸಾಲು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮರೆವು ಎಲ್ಲರಿಗೂ ಬರುತ್ತೆ, ಈ ಕೆಲಸದಲ್ಲಿ ಬರೋ ಹಾಗಿಲ್ಲ. ಇವತ್ತು ಉಸಿರು ಉಳೀತು, ನಾಳೆ ಉಳಿಯುತ್ತೆ ಅಂತ ಯಾರು ಹೇಳ್ತಾರೆ? ನಿನ್ನ ಆಸ್ಪತ್ರೆ ಖರ್ಚು ನನ್ನದು. ಆದರೆ ಇನ್ನು ಈ ಮನೆ ಕೆಲಸ ನಿನಗೆ ಬೇಡ."

ಅಕ್ಕ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕೆಮ್ಮು ಬಂದು ಹೋಯಿತು. ಆಮೇಲೆ, ಯಾರಿಗೆ ಎಂದಲ್ಲದೆ, ತನ್ನ ಎರಡು ಕೈಗಳಿಗೆ ಹೇಳಿದ ಹಾಗೆ ಹೇಳಿದಳು.

"ಇರಬಹುದೇನೋ. ಕೈ ತಪ್ಪಿ ನಾನೇ ಹಾಕಿರಬಹುದು. ನೆನಪಿಲ್ಲ. ಕಾಗದದಲ್ಲಿ ಎಲ್ಲ ಸರಿಯಾಗೇ ಬರೆದಿದೆ. ಕಾಗದ ತಪ್ಪಲ್ಲ ಅಂದ ಮೇಲೆ ನಾನೇ ತಪ್ಪಿರಬೇಕು."

ಗುಬ್ಬಿಯನ್ನು ಹೀಗೆ ಯಾರೂ ನಂಬಿರಲಿಲ್ಲ. ಈ ಹೆಂಗಸು ತನ್ನ ಕೈಯನ್ನು, ತನ್ನ ನೆನಪನ್ನು, ಆಗಷ್ಟೇ ಕಣ್ಣಾರೆ ಕಂಡದ್ದನ್ನೆಲ್ಲ ಬಿಟ್ಟುಕೊಟ್ಟು ಆ ಹಾಳೆಯನ್ನು ಉಳಿಸಿಕೊಳ್ಳುತ್ತಿದ್ದಳು. ಅದು ಸೋಪಿನ ನೀರು, ಒಣಬಟ್ಟೆ, ಬಿಸಿಲು, ನೆರಳು ಇಷ್ಟನ್ನೇ ಬರೆದ ಹಾಳೆ. ಅದರಲ್ಲಿ ಬರೆಯದೆ ಬಿಟ್ಟದ್ದು ಒಂದೇ. ಆ ಒಂದನ್ನು ಈಗ ಹೇಳದಿದ್ದರೆ ಉಳಿದ ಅಷ್ಟೂ ಸಾಲುಗಳು ಸುಳ್ಳಾಗುತ್ತವೆ, ಮಾರ್ಬಲ್ಲೂ, ಮರವೂ, ಗಾಜೂ. ಈ ಅಕ್ಕ ಇನ್ನು ಯಾವ ಮನೆಗೆ ಹೋದರೂ ತನ್ನ ಕೈಯನ್ನು ತಾನೇ ನಂಬುವುದಿಲ್ಲ.

ನರ್ಸು ಚೀಲ ಹೆಗಲಿಗೇರಿಸಿದರು. "ಹೊರಡೋಣ. ಗೊತ್ತಿಲ್ಲ ಅಂತಲೇ ಹೇಳ್ತೀನಿ."

ಗುಬ್ಬಿ ಬೆಂಚನ್ನು ಬಳಸಿ ಮುಂದಕ್ಕೆ ಬಂದಳು. ಅಕ್ಕನ ಎದುರು ಬಗ್ಗಿ ಕೂತಳು, ಆ ಕೆಂಡದ ಕಣ್ಣು ತನ್ನ ಮುಖಕ್ಕೆ ಸಮನಾಗುವಷ್ಟು ಕೆಳಗೆ. ಮೊದಲ ಪದಕ್ಕೆ ಸದ್ದೇ ಬರಲಿಲ್ಲ, ಬರೀ ಗಾಳಿ ಬಂತು. ದೊಡ್ಡಮ್ಮ ಏನೋ ಹೇಳಲು ಹೊರಟವಳು ಅವಳ ಮುಖ ನೋಡಿ ನಿಲ್ಲಿಸಿದಳು.

"ಅಕ್ಕ, ಆಸಿಡ್ ಹಾಕಿದ್ದು ನಾನು," ಎಂದಳು ಗುಬ್ಬಿ. "ನನ್ನ ಕೊಳೆ ನಿಮಗೆ ಕಾಣಬಾರದು ಅಂತ."